ನಿಲ್ಲದ ಸಹಿ

ನಮ್ಮ ಊರಿನಲ್ಲಿ ಸರ್ಕಾರದ ಕಾಗದ ಕೈಗೆ ಬಂದರೆ ಯಾರೂ ಅದನ್ನು ಕೂಡಲೇ ಓದುವುದಿಲ್ಲ. ಮೇಜಿನ ಮೇಲಿಟ್ಟು ಮೊದಲು ಒಂದು ಚಹಾ ಕುಡಿಯುತ್ತಾರೆ. ಚಹಾ ಮುಗಿದ ಮೇಲೂ ಅಕ್ಷರಗಳು ಅಲ್ಲೇ ಇದ್ದರೆ ಅದು ಆದೇಶ. ಇಲ್ಲದಿದ್ದರೆ ಹಾಳೆ ಮಾತ್ರ ಉಳಿಯುತ್ತದೆ, ಚುರುಮುರಿ ಕಟ್ಟಲಿಕ್ಕೆ ಬರುತ್ತದೆ. ಎಲ್ಲರ ಬರಹವೂ ಹೀಗೆ ಅಳಿಯುವುದಿಲ್ಲ. ನಾವು ಓಟು ಹಾಕಿ ಆರಿಸಿದವರು ಬರೆದದ್ದು ಮಾತ್ರ ಅಳಿಯುತ್ತದೆ, ಅದೂ ಮೂರು ವಿಷಯಗಳಲ್ಲಿ: ಭೂಮಿ, ಪೊಲೀಸು, ಸಾರ್ವಜನಿಕ ಶಾಂತಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಮೇಲೆ ಅವರು ಬರೆದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಭೂಮಿಯಿಲ್ಲದೆ ಆಸ್ಪತ್ರೆಯನ್ನು ಎಲ್ಲಿ ಕಟ್ಟಬೇಕು, ಗಾಳಿಯಲ್ಲೇ? ಈ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಕೇಳಿಸಿಕೊಳ್ಳಬೇಕಾದವರು ಅದನ್ನು ಕಿವಿಗೆ ಹಾಕಿಕೊಂಡಿಲ್ಲ.

ನನ್ನ ಹೆಸರು ಇಂದುಮತಿ. ಗಿರಣಿ ಚಾಳಿನ ದವಾಖಾನೆಯಲ್ಲಿ ನರ್ಸು. ದವಾಖಾನೆ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಒಂದು ಮೇಜು, ತೂಕದ ಯಂತ್ರ, ಗುಳಿಗೆಯ ಕಪಾಟು. ಹೆರಿಗೆಗೆ ಮಂಚವಿಲ್ಲ. ಮಂಚ ಹಾಕಿದರೆ ನಾನು ಹೊರಗೆ ನಿಲ್ಲಬೇಕು.

ಮೊದಲು ಈ ಊರು ರಾಜ್ಯಕ್ಕೆ ಸೇರಿತ್ತು. ದೇಶಕ್ಕೆ ಹೊಸ ರಾಜಧಾನಿ ಬೇಕೆಂದು ಸಂಸತ್ತಿನಲ್ಲಿ ತೀರ್ಮಾನವಾಯಿತು. ಯಾವ ಒಂದು ರಾಜ್ಯದ ಹಂಗಿನಲ್ಲೂ ಕೇಂದ್ರ ಇರಬಾರದು, ಆದ್ದರಿಂದ ರಾಜಧಾನಿಯ ನೆಲ ಯಾವ ರಾಜ್ಯಕ್ಕೂ ಸೇರಬಾರದು ಎಂದರು. ಮಾತೇನೋ ಸರಿಯಾಗಿಯೇ ಕೇಳಿಸುತ್ತದೆ. ನಮ್ಮ ರಾಜ್ಯದ ವಿಧಾನಸಭೆಯ ಅಭಿಪ್ರಾಯವನ್ನೂ ಕೇಳಿದರು. ಅದು ಬೇಡ ಎಂದಿತು. ಕೇಳಬೇಕೆಂದು ಸಂವಿಧಾನದಲ್ಲಿತ್ತು, ಕೇಳಿದ್ದಾಯಿತು. ಒಪ್ಪಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನಾವು ರಾಜಧಾನಿ ಪ್ರದೇಶದವರಾಗಿ ಎದ್ದೆವು. ನಮ್ಮ ಚಾಳಿನ ಮುಂದಿನ ರಸ್ತೆಯ ಆಚೆ ಅಂಚು ಗಡಿಯಾಯಿತು. ರಸ್ತೆ ನಮ್ಮದು, ರಸ್ತೆಯಾಚೆಯ ದ್ಯಾವಪ್ಪನ ಚಹಾದಂಗಡಿ ರಾಜ್ಯದ್ದು. ನಡುವೆ ಅರವತ್ತು ಅಡಿ.

ಆ ಅರವತ್ತು ಅಡಿಯಲ್ಲಿ ಏನೆಲ್ಲ ಬದಲಾಯಿತೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಆಚೆ ಕಡೆ ಒಬ್ಬ ರಾಜ್ಯಪಾಲರಿದ್ದಾರೆ; ಮಂತ್ರಿಗಳು ಹೇಳಿದಂತೆ ಸಹಿ ಹಾಕುವುದೇ ಅವರ ಮುಖ್ಯ ಕೆಲಸ. ಈಚೆ ಕಡೆ ಆಡಳಿತಾಧಿಕಾರಿ ಇದ್ದಾರೆ. ಅವರನ್ನು ಕಳಿಸುವವರು ರಾಷ್ಟ್ರಪತಿಗಳು, ಎಂದರೆ ಕೇಂದ್ರ. ನಮಗೂ ವಿಧಾನಸಭೆ ಕೊಟ್ಟಿದ್ದಾರೆ, ಮುಖ್ಯಮಂತ್ರಿ ಕೊಟ್ಟಿದ್ದಾರೆ. ಆದರೆ ನಮ್ಮ ಮಂತ್ರಿಗಳು ಒಂದು ಹೇಳಿ ಆಡಳಿತಾಧಿಕಾರಿಗೆ ಅದು ಹಿಡಿಸದಿದ್ದರೆ ಅವರು ವಿಷಯವನ್ನು ರಾಷ್ಟ್ರಪತಿಗಳಿಗೆ ಕಳಿಸಬಹುದು. ಅಲ್ಲಿಂದ ಉತ್ತರ ಬರುವವರೆಗೆ, ತುರ್ತು ಎಂದು ಕಂಡರೆ, ತಮಗೆ ಸರಿತೋರಿದ್ದನ್ನು ಮಾಡಬಹುದು. ನಮ್ಮ ಸಭೆ ಮಾಡಿದ ಕಾನೂನು ಸಂಸತ್ತಿನ ಕಾನೂನಿಗೆ ತಾಗಿದರೆ ಸಂಸತ್ತಿನದೇ ಉಳಿಯುತ್ತದೆ. ರಾಜ್ಯದ ಪಾಲಿಗೆ ಬಿಟ್ಟ ವಿಷಯಗಳಲ್ಲೂ ನಮ್ಮ ಮಟ್ಟಿಗೆ ಸಂಸತ್ತು ಕೈ ಹಾಕಬಹುದು. ಐನೂರು ಚಿಲ್ಲರೆ ಮಂದಿ ಕೂಡುವ ಆ ಸಂಸತ್ತಿನಲ್ಲಿ ನಮ್ಮವರೆಂದು ಕೂಡುವವನು ಒಬ್ಬನೇ.

ಜನ ಹೇಗೋ ಹೊಂದಿಕೊಂಡರು. ಶಾಯಿಯ ವಿಷಯದಲ್ಲಿ ಯಾರೂ ಕಣ್ಣರಳಿಸಲಿಲ್ಲ, ಹೆದರಲಿಲ್ಲ. ಗುಮಾಸ್ತರು ಉಳಿಯುವ ಸಾಲು, ಅಳಿಯುವ ಸಾಲು ಬೆರೆಯದಂತೆ ನಡುವೆ ಜಾಗ ಬಿಟ್ಟು ಟೈಪು ಮಾಡಲು ಕಲಿತರು. ಪತ್ರಿಕೆಯವರು ಮಂತ್ರಿಗಳ ಹೇಳಿಕೆಯನ್ನು ಚಹಾ ಮುಗಿಯುವ ಮೊದಲೇ ಫೋಟೊ ತೆಗೆಯಲು ಕಲಿತರು. ನನಗೆ ಮಾತ್ರ ಈ ಹೊಂದಾಣಿಕೆ ನೋಡಿದರೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಹೋದ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಚಾಳಿನ ಸಾವಂತ್ರೆವ್ವ ನಿಂತಳು. ಜಿನ್ನಿಂಗ್ ಗಿರಣಿಯಲ್ಲಿ ಹತ್ತಿ ಆರಿಸುತ್ತಿದ್ದ ಹೆಂಗಸು. ಗಿರಣಿ ಮುಚ್ಚಿದಾಗ ಗೇಟಿನ ಮುಂದೆ ನಲವತ್ತು ದಿನ ಕೂತವಳು. ಅವಳು ಕೊಟ್ಟ ಮಾತು ಒಂದೇ: ಚಾಳಿಗೆ ಹೆರಿಗೆ ವಾರ್ಡು. ಹನ್ನೊಂದು ಸಾವಿರದ ನಾನೂರು ಓಟು ಬಂದವು. ಎದುರಾಳಿಗೆ ಅದರ ಅರ್ಧವೂ ಇರಲಿಲ್ಲ. ಗೆದ್ದ ಮರುದಿನ ದವಾಖಾನೆಗೆ ಬಂದು ನನ್ನ ಕೈ ಹಿಡಿದು, "ಇಂದಕ್ಕಾ, ಇನ್ನ ಆರ್ ತಿಂಗಳದಾಗ ನಿನಗ ನಾಕ ಮಂಚ ಹಾಕಿ ಕೊಡ್ತೀನಿ. ಬರ್ದಿಟ್ಕೊ," ಎಂದಳು.

ಬರೆದಿಟ್ಟುಕೊಂಡೆ. ಅವಳೂ ವಾರ್ಡು ಬೇಕೆಂದು ಸರ್ಕಾರಕ್ಕೆ ಬರೆದಳು. ಆರೋಗ್ಯ ಮಂತ್ರಿಯ ಆದೇಶ ಬಂತು. ನಾವಿಬ್ಬರೂ ಅದನ್ನು ದವಾಖಾನೆಯ ಮೇಜಿನ ಮೇಲಿಟ್ಟು ಚಹಾ ತರಿಸಿ ಕಾದೆವು. "ಗಿರಣಿ ಚಾಳಿನ ನಿವಾಸಿಗಳಿಗಾಗಿ ನಾಲ್ಕು ಹಾಸಿಗೆಯ ಹೆರಿಗೆ ವಾರ್ಡು ಮಂಜೂರು ಮಾಡಲಾಗಿದೆ" ಎಂಬ ಸಾಲು ಕಪ್ಪಗೆ ನಿಂತಿತು. ಅದರ ಕೆಳಗೆ, ಮುಚ್ಚಿದ ಗಿರಣಿಯ ಗೋದಾಮಿನ ನೆಲವನ್ನು ಇದಕ್ಕಾಗಿ ಬಿಟ್ಟುಕೊಡಬೇಕು ಎಂಬ ಸಾಲು ಮೊದಲು ಕಂದಿತು, ಆಮೇಲೆ ನೀರಾಯಿತು, ಆಮೇಲೆ ಏನೂ ಇರಲಿಲ್ಲ. ಸಾವಂತ್ರೆವ್ವ ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು.

"ವಾರ್ಡ್ ಐತಿ, ನೆಲ ಇಲ್ಲ," ಎಂದಳು. "ಇದನ್ನೇನ ತಲಿ ಮ್ಯಾಲೆ ಹೊತ್ಕೊಂಡ ತಿರಗಾಡ್ಲೇನ?"

ನೆಲ ಕೇಂದ್ರದ್ದು. ಆಡಳಿತಾಧಿಕಾರಿಯ ಕಚೇರಿಗೆ ಫೈಲು ಹೋಯಿತು. ಗೋದಾಮು ಇದ್ದ ಜಾಗವನ್ನು ರಾಜಧಾನಿಯ ನಕ್ಷೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟಿದ್ದಾರೆ ಎಂದು ಉತ್ತರ ಬಂತು. ಅಲ್ಲಿ ಉದ್ಯಾನ ಇಲ್ಲ, ಹಂದಿಗಳಿವೆ. ಮುಖ್ಯಮಂತ್ರಿ ಮತ್ತೆ ಬರೆದರು. ಅಭಿಪ್ರಾಯಭೇದ ಉಂಟಾಗಿದೆ ಎಂದು ಆಡಳಿತಾಧಿಕಾರಿ ಅದನ್ನು ರಾಷ್ಟ್ರಪತಿಗಳಿಗೆ ಕಳಿಸಿದರು. ಹದಿನಾಲ್ಕು ತಿಂಗಳಾಯಿತು. ಹಂದಿಗಳು ಎರಡು ಸಲ ಮರಿ ಹಾಕಿದವು, ಯಾರ ಅನುಮತಿಯನ್ನೂ ಕೇಳದೆ.

ನೆಲ ಇಲ್ಲದಿದ್ದರೆ ಹೋಗಲಿ, ಡಾಕ್ಟರನ್ನಾದರೂ ಕೊಡಿ, ವಾರಕ್ಕೆರಡು ದಿನ ನನ್ನ ಕೋಣೆಯಲ್ಲೇ ಕೂತು ಬಸುರಿಯರನ್ನು ನೋಡಲಿ ಎಂದು ನಾವು ಕೇಳಿದೆವು. ಆರೋಗ್ಯ ಇಲಾಖೆ ನಮ್ಮ ಸರ್ಕಾರದ್ದೇ ತಾನೇ? ಆದರೆ ಆ ಇಲಾಖೆಯ ಡಾಕ್ಟರನ್ನು ಎಲ್ಲಿ ಕೂರಿಸಬೇಕೆಂದು ಹೇಳುವ ಅಧಿಕಾರ ಅದರ ಮಂತ್ರಿಗಿಲ್ಲ. ಅದಕ್ಕೆ ಮೂವರ ಸಮಿತಿಯಿದೆ: ಒಬ್ಬರು ಮುಖ್ಯಮಂತ್ರಿ, ಇನ್ನಿಬ್ಬರು ಕೇಂದ್ರ ಕಳಿಸಿದ ಹಿರಿಯ ಅಧಿಕಾರಿಗಳು. ಬಹುಮತದಿಂದ ತೀರ್ಮಾನ. ಡಾಕ್ಟರು ಚಾಳಿಗೆ ಹೋಗಲಿ ಎಂದು ಮುಖ್ಯಮಂತ್ರಿ ಹೇಳಿದರು. ಸರ್ಕಾರಿ ಅತಿಥಿಗೃಹಕ್ಕೆ ಹೋಗಲಿ ಎಂದು ಅಧಿಕಾರಿಗಳಿಬ್ಬರು ಹೇಳಿದರು. ಒಂದಕ್ಕೆ ಎರಡು. ಲಕ್ಷಾಂತರ ಓಟು ಪಡೆದ ಮುಖ್ಯಮಂತ್ರಿ, ಒಂದೂ ಓಟು ಕೇಳದ ಇಬ್ಬರ ಮುಂದೆ ಅಲ್ಪಸಂಖ್ಯಾತರಾದರು. ಕೊನೆಯ ಮಾತು ಆಡಳಿತಾಧಿಕಾರಿಯದು. ಅವರೂ ಇಬ್ಬರ ಕಡೆ ವಾಲಿದರು. ಆ ಡಾಕ್ಟರು ಈಗಲೂ ಅತಿಥಿಗೃಹದಲ್ಲಿ ಬಂದುಹೋಗುವ ದೊಡ್ಡವರ ಬಿಪಿ ನೋಡುತ್ತ ಕೂತಿದ್ದಾರೆ.

ಕೊನೆಗೆ ದಾರಿ ಕಂಡದ್ದು ರಸ್ತೆಯ ಆಚೆ. ದ್ಯಾವಪ್ಪ ಅಲ್ಲಿಯ ಪಂಚಾಯಿತಿ ಸದಸ್ಯನೂ ಹೌದು. ನಮ್ಮ ಗೋಳು ಕೇಳಿ ಕೇಳಿ ಬೇಸತ್ತು, ತನ್ನ ಅಂಗಡಿಯ ಹಿಂದಿನ ಪಂಚಾಯಿತಿ ಜಾಗವನ್ನು ಹೆರಿಗೆ ಮನೆಗೆ ಕೊಡಿಸುತ್ತೇನೆ ಎಂದ. ರಾಜ್ಯದ ನೆಲ ರಾಜ್ಯದ ಕೈಯಲ್ಲೇ ಇತ್ತಲ್ಲ; ಠರಾವು ಪಾಸಾಯಿತು, ಜಿಲ್ಲೆಯಿಂದ ಮಂಜೂರಾತಿ ಬಂತು, ಅವರ ಆರೋಗ್ಯ ಮಂತ್ರಿ ಸಹಿ ಹಾಕಿದರು. ಚಹಾ ಕುಡಿದೆವು. ಸಹಿ ನಿಂತಿತ್ತು. ಎಂಟು ತಿಂಗಳಿಗೆ ನಾಲ್ಕು ಮಂಚದ ಹೆರಿಗೆ ಮನೆ ಎದ್ದಿತು. ಸರೋಜಿನಿ ಎಂಬ ಡಾಕ್ಟರು ಬಂದರು. ನಮ್ಮ ಹೆಣ್ಣುಮಕ್ಕಳು ಹೊಟ್ಟೆ ಹಿಡಿದುಕೊಂಡು ಅರವತ್ತು ಅಡಿ ನಡೆದು ಬೇರೆ ರಾಜ್ಯಕ್ಕೆ ಹೋಗಿ ಹೆತ್ತು ಬರುತ್ತಿದ್ದರು. ಉದ್ಘಾಟನೆಯ ದಿನ ಸಾವಂತ್ರೆವ್ವ ಅಲ್ಲಿ ಹೂವು ಹಿಡಿದು ಅತಿಥಿಯಂತೆ ನಿಂತಿದ್ದಳು. ತನ್ನ ಮಾತನ್ನು ಬೇರೆಯವರು ಉಳಿಸಿಕೊಟ್ಟದ್ದಕ್ಕೆ ಅವಳಿಗೆ ಸಂತೋಷವೂ ಇತ್ತು, ಅವಮಾನವೂ ಇತ್ತು. ನನಗೆ ಅವಮಾನವೇ ಹೆಚ್ಚಾಗಿ ಕಂಡಿತು.

ಹೀಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಆ ಬುಧವಾರ ಬಂತು.

ಯಾವುದೋ ದೇಶದ ಅತಿಥಿ ಬರುತ್ತಾರೆಂದು ಬೆಳಿಗ್ಗೆ ಏಳಕ್ಕೇ ನಮ್ಮ ರಸ್ತೆಯ ಎರಡೂ ಬದಿಗೆ ಕಬ್ಬಿಣದ ಬೇಲಿ ನಿಲ್ಲಿಸಿದರು. ಒಂದು ನರಪಿಳ್ಳೆಯೂ ದಾಟಕೂಡದು. ಒಂಬತ್ತಕ್ಕೆ ಬರಬೇಕಾದ ಅತಿಥಿ ಹತ್ತಾದರೂ ಬರಲಿಲ್ಲ. ಹತ್ತೂಕಾಲಿಗೆ ಚಾಳಿನಿಂದ ಹುಸೇನಬಿಯನ್ನು ಕರೆತಂದರು. ಬಳೆ ಅಂಗಡಿಯ ಮೆಹಬೂಬನ ಹೆಂಡತಿ, ಚೊಚ್ಚಲು. ಮುಟ್ಟಿ ನೋಡಿದೆ. ಕೂಸಿನ ತಲೆ ಮೇಲಿತ್ತು, ಕುಂಡಿ ಕೆಳಗಿತ್ತು. ನೀರು ಒಡೆದಾಗಿತ್ತು. ಇಂಥ ಹೆರಿಗೆಯನ್ನು ಡಾಕ್ಟರಿಲ್ಲದೆ, ಮಂಚವಿಲ್ಲದೆ, ತೂಕದ ಯಂತ್ರದ ಪಕ್ಕದಲ್ಲಿ ಮಾಡಿಸುವುದೆಂದರೆ ಇಬ್ಬರಲ್ಲಿ ಒಬ್ಬರ ಆಸೆ ಬಿಡಬೇಕು.

ನಾಲ್ವರು ಅವಳನ್ನು ಹೊರಸಿನ ಮೇಲೆ ಹೊತ್ತು ಬೇಲಿಯ ತನಕ ತಂದೆವು. ಅಲ್ಲಿ ಗುರುಪಾದ ಎಂಬ ಹವಾಲ್ದಾರ ನಿಂತಿದ್ದ. ನಮ್ಮ ಕಡೆಯವನೇ, ಕೆಟ್ಟವನಲ್ಲ. "ಆಗೂದಿಲ್ರಿ ಸಿಸ್ಟರ್. ಮ್ಯಾಲಿಂದ ಆರ್ಡರ್ ಐತಿ. ವಾಕಿಟಾಕಿನೂ ಹಿಡೀವಲ್ದು, ಜಾಮರ್ ಹಾಕ್ಯಾರ," ಎಂದ. ಎದುರು ಬದಿಯಲ್ಲಿ, ಹೊರಸನ್ನು ಕಂಡು ಹೊರಬಂದ ಡಾಕ್ಟರ್ ಸರೋಜಿನಿ ಕೈಗವಸು ಹಾಕಿಕೊಂಡು ಬೇಲಿ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ರಾಜ್ಯದ ಪೊಲೀಸನೊಬ್ಬ ಇದ್ದ. ಅವನು ತನ್ನ ಮಂತ್ರಿಗೆ ಉತ್ತರ ಹೇಳುವವನು, ಆ ಮಂತ್ರಿ ತನ್ನ ಜನರಿಗೆ. ಆದರೆ ಅವನ ಅಧಿಕಾರ ಅವನ ಬೂಟಿನ ತುದಿಗೇ ಮುಗಿಯುತ್ತಿತ್ತು. ರಸ್ತೆ ನಮ್ಮದು. ನಮ್ಮದು ಎನ್ನುತ್ತೇನಲ್ಲ, ನನಗೂ ಬುದ್ಧಿಯಿಲ್ಲ. ಡಾಂಬರು ಹಾಕಿಸಿದ್ದು ನಾವು ಆರಿಸಿದವರು, ಅದರ ಮೇಲೆ ಯಾರು ನಡೆಯಬೇಕೆಂದು ಹೇಳುವವರು ನಾವು ಆರಿಸದವರು.

ಸಾವಂತ್ರೆವ್ವ ಓಡಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಗುರುಪಾದಪ್ಪ, ಬೇಲಿ ಸರಸು."

"ಅವ್ವಾರ, ನಿಮ್ಮ ಕಾಲ್ ಬೀಳ್ತೀನಿ. ನನ್ನ ನೌಕ್ರಿ ಹೋಗ್ತದ. ನಿಮ್ಮ ಮಾತ ಕೇಳಿ ಸರಸ್ದೆ ಅಂದ್ರ ಯಾರ್ ಕೇಳ್ತಾರ್ರಿ? ಬರ್ದ ಕೊಡ್ರಿ. ಅಕ್ಷರ ನಿಂತ್ರ ಈಗ ತಗೀತೀನಿ."

ಅವನು ಗೇಲಿ ಮಾಡಲಿಲ್ಲ. ಇಲ್ಲಿಯ ಪೊಲೀಸರಿಗೆ ಅದೇ ಅಭ್ಯಾಸ. ಯಾರು ಬರೆದರು ಎಂದು ನೋಡುವುದನ್ನು ಅವರು ಎಂದೋ ಬಿಟ್ಟಿದ್ದರು. ನಿಂತಿತೋ ಇಲ್ಲವೋ ಅಷ್ಟೇ ನೋಡುತ್ತಿದ್ದರು. ಸಾವಂತ್ರೆವ್ವ ತನ್ನ ಹೆಸರಚ್ಚಿನ ಹಾಳೆ ತೆಗೆದು ನನ್ನ ಬೆನ್ನ ಮೇಲಿಟ್ಟು ಬರೆದಳು: ಈ ಬೇಲಿಯನ್ನು ತೆಗೆಯತಕ್ಕದ್ದು. ಗುರುಪಾದನ ಕೈಗೆ ಮುಟ್ಟುವಷ್ಟರಲ್ಲಿ ಅದು ಬಿಳಿ ಹಾಳೆ. ಮತ್ತೊಂದು ಬರೆದಳು, ಪೆನ್ನು ಒತ್ತಿ ಒತ್ತಿ. ಹಾಳೆ ಹರಿಯಿತು, ಅಕ್ಷರ ನಿಲ್ಲಲಿಲ್ಲ. ಮೂರನೆಯದರಲ್ಲಿ ಜಾಣತನ ಮಾಡಿದಳು. ಆರೋಗ್ಯದ ವಿಷಯವೆಂದು ಬರೆದಳು. ತುಂಬು ಬಸುರಿ ಹುಸೇನಬಿಯನ್ನು ತುರ್ತು ಚಿಕಿತ್ಸೆಗಾಗಿ ಆಸ್ಪತ್ರೆಗೆ ಒಯ್ಯಲು ದಾರಿ ಬಿಡಬೇಕು. ಎಲ್ಲರೂ ಬಗ್ಗಿ ನೋಡಿದೆವು. ಹುಸೇನಬಿ ನಿಂತಳು. ಚಿಕಿತ್ಸೆ ನಿಂತಿತು. ಆಸ್ಪತ್ರೆಯೂ ನಿಂತಿತು. 'ದಾರಿ ಬಿಡಬೇಕು' ಎಂಬುದು ನಮ್ಮ ಕಣ್ಣ ಮುಂದೆಯೇ ಹೋಯಿತು.

ಗುರುಪಾದ ತುಟಿ ಅಲುಗಿಸಿ ಓದಿದ. "ಆಸ್ಪತ್ರೆಗೆ ಒಯ್ಯಲು... ಮುಂದೇನ್ರಿ? ನಾ ಏನ್ ಮಾಡ್ಲಿ ಅಂತ ಬರೀಲಿಲ್ಲಲ್ರಿ ಅವ್ವಾರ?"

ಹೊರಸಿನ ಮೇಲೆ ಹುಸೇನಬಿ ಒಂದು ಸಲ ಕೂಗಿದಳು. ಮೆಹಬೂಬ ಮುಖ ಮುಚ್ಚಿಕೊಂಡು ಡಾಂಬರಿನ ಮೇಲೆ ಕೂತುಬಿಟ್ಟ. ಸಾವಂತ್ರೆವ್ವ ಚಾಳಿನ ಕಿರಾಣಿ ಅಂಗಡಿಯ ತಂತಿ ಫೋನಿನಿಂದ ಮುಖ್ಯಮಂತ್ರಿಗೇ ಮಾಡಿದಳು. ಅವರು ಪೊಲೀಸ್ ಕಮಿಷನರಿಗೆ ಹೇಳಿದರಂತೆ. ಕಮಿಷನರು ಬಹಳ ವಿನಯದಿಂದ, ತಾವು ಕೇಂದ್ರದ ಗೃಹ ಇಲಾಖೆಗೆ ಉತ್ತರ ಕೊಡುವವರು, ಮನವಿಯನ್ನು ಅಲ್ಲಿಗೆ ತಲುಪಿಸುತ್ತೇವೆ ಎಂದರಂತೆ. ಮುಖ್ಯಮಂತ್ರಿಯ ಮನವಿ! ನಾನು ಅವತ್ತು ಆಡಿದ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವು ಅಳಿಯದೆ ನಿಲ್ಲುತ್ತವೆ, ಅದೇ ತೊಂದರೆ.

ಬೈಯುತ್ತಿದ್ದಾಗಲೇ ನನಗೆ ಹೊಳೆಯಿತು. ನನ್ನ ಬರಹ ಎಂದೂ ಅಳಿದಿಲ್ಲ. ಯಾಕೆ ಅಳಿಯಬೇಕು? ನನ್ನನ್ನು ಯಾರೂ ಆರಿಸಿಲ್ಲ. ನನ್ನನ್ನು ಚಾಳಿಗೆ ಹಾಕಿದ್ದು ಆ ಮೂವರ ಸಮಿತಿ, ಕೆಳಗೆ ಆಡಳಿತಾಧಿಕಾರಿಯ ಮೊಹರು. ನಾನು ಗುಳಿಗೆ ಬರೆಯುವ ಚೀಟಿಯ ಪುಸ್ತಕ ತೆಗೆದೆ. 'ಬೇಲಿ ತೆಗೆದು ದಾರಿ ಬಿಡಿ' ಎಂದು ಬರೆದೆ. ಕೆಳಗೆ ಸಹಿ, ದವಾಖಾನೆಯ ರಬ್ಬರ್ ಮುದ್ರೆ. ಗುರುಪಾದನ ಕೈಗಿಟ್ಟೆ.

"ಒಂದ್ ಐದ ಮಿನಿಟ್ ನೋಡೂಣ್ರಿ," ಎಂದ.

ಆ ಐದು ನಿಮಿಷವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೆಂಗಸೊಬ್ಬಳು ಬೀದಿಯಲ್ಲಿ ನೋಯುತ್ತಿದ್ದಾಳೆ, ಅರವತ್ತು ಅಡಿ ಆಚೆ ಡಾಕ್ಟರು ನಿಂತಿದ್ದಾರೆ, ನಡುವೆ ರಸ್ತೆ ಖಾಲಿ ಬಿದ್ದಿದೆ, ನಾವೆಲ್ಲ ಒಂದು ಗುಳಿಗೆಯ ಚೀಟಿಯನ್ನು ನೋಡುತ್ತ ನಿಂತಿದ್ದೇವೆ. ಅಕ್ಷರಗಳು ಅಲುಗಾಡಲಿಲ್ಲ. ಗುರುಪಾದನ ಮುಖ ಅರಳಿತು. "ನಿಂತಾವ್ರಿ!" ಎಂದು ಕೂಗಿ ತಾನೇ ಬೇಲಿ ಎಳೆದ, ತಾನೇ ಹೊರಸಿಗೆ ಹೆಗಲು ಕೊಟ್ಟ. ಒಬ್ಬ ನರ್ಸು ಪೊಲೀಸಿಗೆ ಆರ್ಡರು ಕೊಡುವುದುಂಟೇ ಎಂದು ಅವನಿಗೆ ಹೊಳೆಯಲೇ ಇಲ್ಲ. ಎದುರಿನ ಬೇಲಿ ಕಾಯುತ್ತಿದ್ದ ನಮ್ಮ ಕಡೆಯ ಪೊಲೀಸನೂ ಚೀಟಿ ನೋಡಿ ಸೆಲ್ಯೂಟು ಹೊಡೆದ.

ಹನ್ನೊಂದು ಐದಕ್ಕೆ ಹೆಣ್ಣು ಮಗು ಹುಟ್ಟಿತು. ಕುಂಡಿ ಮೊದಲು ಬಂತು. ಡಾಕ್ಟರ್ ಸರೋಜಿನಿ ಬೆವರಿನಲ್ಲಿ ತೊಯ್ದಿದ್ದರು. ಇನ್ನು ಕಾಲು ಗಂಟೆ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದರು. ಅತಿಥಿಯ ಕಾರುಗಳು ಹನ್ನೆರಡೂವರೆಗೆ ಹೋದವು.

ಹೊರಗೆ ಬಂದಾಗ ಚಾಳಿನವರು ನನಗೆ ಹಾರ ಹಾಕಿದರು. ನನ್ನ ಹೆಸರು ಹೇಳಿ ಜೈ ಎಂದರು. ಸಾವಂತ್ರೆವ್ವ ಒಂದು ಬದಿಗೆ ನಿಂತು ತನ್ನ ಮೂರು ಹಾಳೆಗಳನ್ನು ಮಡಿಸುತ್ತಿದ್ದಳು. ಅವಳಿಗೆ ಯಾರೂ ಹಾರ ತಂದಿರಲಿಲ್ಲ. ಆ ಹೊತ್ತು ನನಗೂ ಅವಳ ನೆನಪಾಗಲಿಲ್ಲ ಎಂದು ನಾಚಿಕೆಯಿಂದ ಹೇಳುತ್ತೇನೆ.

ಮರುದಿನದಿಂದ ದವಾಖಾನೆಯ ಮುಂದೆ ಸಾಲು ಹತ್ತಿತು. ಯಾರಿಗೂ ಕಾಯಿಲೆ ಇರಲಿಲ್ಲ. ಒಬ್ಬನಿಗೆ ಬೀದಿಯ ಮೂಲೆಯಲ್ಲಿ ಪೊಲೀಸು ಬೇಕಿತ್ತು, ಒಬ್ಬಳಿಗೆ ಗೋಡೆಯ ಆಚೆಯ ಎರಡು ಅಡಿ ನೆಲ ಬೇಕಿತ್ತು, ಇನ್ನೊಬ್ಬ ಜಪ್ತಾದ ತಳ್ಳುಗಾಡಿ ಬಿಡಿಸಿಕೊಡಿ ಎಂದ. "ನಿಮ್ಮ ಕೈಲೆ ಎರಡ ಅಕ್ಷರ ಬರೀರಿ ಸಿಸ್ಟರ್, ನಿಮ್ಮವು ನಿಂದರ್ತಾವ," ಎನ್ನುತ್ತಿದ್ದರು. ಬರೆದೆ. ಸುಳ್ಳು ಹೇಳಲಾರೆ, ಬರೆಯುವಾಗ ಚೆನ್ನಾಗಿಯೇ ಇತ್ತು. ಗಾಡಿ ಬಿಟ್ಟರು, ಪೊಲೀಸು ಬಂದ. ಸಾವಂತ್ರೆವ್ವನ ಮನೆಯ ಮುಂದಿನ ಬೆಂಚು ಖಾಲಿಯಾಯಿತು. ಹದಿನೈದು ದಿನದಲ್ಲಿ ಹನ್ನೊಂದು ಸಾವಿರದ ನಾನೂರು ಜನ ಅವಳನ್ನು ಮರೆತರು. ಅವಳ ಅಕ್ಷರ ಅಳಿಸಿದವರಿಗೆ ಬೇಕಿದ್ದದ್ದೂ ಇದೇ ಇರಬೇಕು. ನಾನು ಪುಕ್ಕಟೆ ಮಾಡಿಕೊಟ್ಟಿದ್ದೆ.

ಒಂದು ಮಧ್ಯಾಹ್ನ ಚೀಟಿ ಬರೆಯುತ್ತ ತಲೆ ಎತ್ತಿದರೆ ಸಾಲಿನಲ್ಲಿ ಆರನೆಯವಳಾಗಿ ಸಾವಂತ್ರೆವ್ವ ನಿಂತಿದ್ದಳು. ಕೈಯಲ್ಲಿ ಅರ್ಜಿ. ಗೋದಾಮಿನ ನೆಲವನ್ನು ಹೆರಿಗೆ ವಾರ್ಡಿಗೆ ಬಿಡಿಸಿಕೊಡಬೇಕೆಂದು ಕೋರಿ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ನೀ ಯಾಕ ಸಾಲಿನಾಗ ನಿಂತೀ? ನೀ ಆರಿಸಿ ಬಂದಾಕಿ! ಅವ್ರ ಎದಿ ಮ್ಯಾಲೆ ಕೂತ್ ಕೇಳಬೇಕಾದಾಕಿ!" ಎಂದು ಚೀರಿದೆ.

"ಕೇಳೀನಲ್ಲ ಇಂದಕ್ಕಾ. ಮೂರ ವರ್ಷ ಕೇಳೀನಿ," ಎಂದಳು. ಅವಳ ದನಿಯಲ್ಲಿ ನಂಜಿರಲಿಲ್ಲ, ಅದಕ್ಕೇ ನನಗೆ ತಡೆಯಲಾಗಲಿಲ್ಲ. "ನಿನ್ನ ಅಕ್ಷರ ನಿಂದರ್ತಾವ. ಬರಿ. ಮಂದಿಗೆ ಕೆಲಸ ಆಗಬೇಕ, ನಂದೇನೈತಿ."

ನಾನು ಅವಳ ಅರ್ಜಿಯನ್ನು ತೆಗೆದುಕೊಂಡೆ. ಪೆನ್ನನ್ನೂ ಹಿಡಿದೆ.

"ಒಂದ ಮಾತ ಅಷ್ಟ ಕೇಳ್ತೀನಿ," ಎಂದಳು ಸಾವಂತ್ರೆವ್ವ. ಸಾಲಿನಲ್ಲಿದ್ದವರ ಕಡೆ ಕೈ ಮಾಡಿದಳು. "ನಾ ಕೆಲಸ ಮಾಡ್ಲಿಲ್ಲಂದ್ರ ಐದ ವರ್ಷಕ್ಕ ನನ್ನ ಇವ್ರೆಲ್ಲಾ ಸೋಲಸ್ತಾರ. ನಾಳೆ ನೀ ಬರೆಯೂದಿಲ್ಲ ಅಂತ ಕೂತ್ರ, ನಿನ್ನ ಯಾರ್ ಸೋಲಸ್ತಾರ?"